ಪಂಪ್ ಸ್ಟೌ, ಇದ್ದಿಲ ಇಸ್ತ್ರಿ ಪೆಟ್ಟಿಗೆ, ಹಳೇ ಫ್ಯಾನ್: ಯಾವುದನ್ನು ಕೊಳ್ಳೋದು, ಕಾಲ ಹೇಗೆ ಪತ್ತೆ ಮಾಡೋದು

ದಾವಣಗೆರೆಯ ಗುಜರಿ ಅಂಗಡಿಗಳಲ್ಲಾಗಲಿ, ಚಿತ್ರದುರ್ಗದ ಹಳೇ ಪಾತ್ರೆ ವ್ಯಾಪಾರಿಗಳ ಹತ್ತಿರವಾಗಲಿ ಈ ಮೂರು ಸಾಮಾನು ಪದೇ ಪದೇ ಕಣ್ಣಿಗೆ ಬೀಳುತ್ತವೆ. ಸೀಮೆಎಣ್ಣೆ ಪಂಪ್ ಸ್ಟೌ, ಇದ್ದಿಲು ತುಂಬುವ ಇಸ್ತ್ರಿ ಪೆಟ್ಟಿಗೆ, ಕಬ್ಬಿಣದ ತಳದ ಹಳೇ ಟೇಬಲ್ ಫ್ಯಾನ್. ಮೂರನ್ನೂ ವ್ಯಾಪಾರಿ ಒಂದೇ ಮಾತಲ್ಲಿ ಮಾರುತ್ತಾನೆ: "ಬ್ರಿಟಿಷರ ಕಾಲದ್ದು ಅಣ್ಣಾ." ಆದರೆ ಕಾಲ ಪತ್ತೆ ಮಾಡುವ ವಿಷಯಕ್ಕೆ ಬಂದರೆ ಮೂರೂ ಒಂದೇ ಅಲ್ಲ. ಒಂದು ತನ್ನ ವಯಸ್ಸನ್ನು ಮೈಮೇಲೇ ಬರೆದುಕೊಂಡಿರುತ್ತದೆ, ಒಂದು ಅರ್ಧ ಹೇಳುತ್ತದೆ, ಇನ್ನೊಂದು ಬಾಯೇ ಬಿಡುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಶುರು ಮಾಡುವವರು ಸ್ಟೌ ಕೊಳ್ಳಿ. ಜಾಗ ಇದ್ದು, ಪಕ್ಕದಲ್ಲಿ ಒಳ್ಳೇ ವೈಂಡಿಂಗ್ ಅಂಗಡಿಯವರ ಪರಿಚಯ ಇದ್ದರೆ ಫ್ಯಾನ್. ಇಸ್ತ್ರಿ ಪೆಟ್ಟಿಗೆಯನ್ನು ಅದರ ಆಕಾರ, ಎರಕದ ಅಂದ ಇಷ್ಟವಾಗಿ ಕೊಂಡರೆ ಸರಿ. "ಹಳೇದು" ಅನ್ನೋ ಒಂದೇ ಕಾರಣಕ್ಕೆ ಜಾಸ್ತಿ ದುಡ್ಡು ಕೊಡಬೇಡಿ, ಯಾಕಂದ್ರೆ ಅದು ಎಷ್ಟು ಹಳೇದು ಅಂತ ಮಾರುವವನಿಗೂ ಗೊತ್ತಿರುವುದಿಲ್ಲ, ಬಹಳ ಸಲ ಪತ್ತೆ ಮಾಡೋಕೂ ಆಗುವುದಿಲ್ಲ.

ಮೊದಲು, ಮೂರಕ್ಕೂ ಕೆಲಸಕ್ಕೆ ಬರುವ ಲೆಕ್ಕ

ಯಾವ ಹಳೇ ಸಾಮಾನಿನ ಮೇಲೂ ಎರಡು ಥರದ ಸುಳಿವು ಇರುತ್ತವೆ. "ಇದಕ್ಕಿಂತ ಹಳೇದಾಗಿರೋಕೆ ಸಾಧ್ಯ ಇಲ್ಲ" ಅನ್ನುವುದು ಒಂದು. "ಇದಕ್ಕಿಂತ ಹೊಸದಾಗಿರೋಕೆ ಸಾಧ್ಯ ಇಲ್ಲ" ಅನ್ನುವುದು ಇನ್ನೊಂದು. ಎರಡೂ ಸಿಕ್ಕರೆ ಮಧ್ಯದಲ್ಲಿ ಉಳಿಯುವ ವರ್ಷಗಳೇ ಅದರ ಕಾಲ. ಒಂದೇ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ನಮ್ಮ ಕಡೆ ಇದಕ್ಕೆ ತುಂಬ ಸಹಾಯ ಮಾಡುವುದು ವಿಳಾಸ. ತಯಾರಕರ ಮುದ್ರೆ, ಅಂಗಡಿಯವರು ಹೊಡೆಸಿದ ತಗಡಿನ ಪಟ್ಟಿ, ಜೊತೆಗೆ ಬಂದ ಡಬ್ಬಿ ಅಥವಾ ರಸೀದಿ, ಬಹಳ ಸಲ ಎಲ್ಲಾದರೂ ಒಂದು ಕಡೆ ವಿಳಾಸ ಇರುತ್ತದೆ. ಪಿನ್ ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. ಹಾಗಾಗಿ ಆರಂಕಿಯ ಪಿನ್ ಇದ್ದರೆ ಸಾಮಾನು ಅದರ ನಂತರದ್ದು. ಅದಕ್ಕೂ ಮೊದಲು ದೊಡ್ಡ ಊರುಗಳ ಹೆಸರಿನ ಮುಂದೆ ಒಂದೋ ಎರಡೋ ಅಂಕಿ ಮಾತ್ರ ಇರುತ್ತಿತ್ತು, ಬಾಂಬೆ-3, ಕಲ್ಕತ್ತಾ-1, ಬೆಂಗಳೂರು-2 ಹೀಗೆ. ಪಿನ್ ಬಂದ ಮೇಲೂ ಕೆಲವರು ಹಳೇ ಅಚ್ಚನ್ನೇ ಸ್ವಲ್ಪ ಕಾಲ ಓಡಿಸಿದ್ದಾರೆ, ಅದಕ್ಕೇ ಈ ಅಂಕಿ ನೋಡಿ "1972ಕ್ಕಿಂತ ಹಿಂದಿನದ್ದೇ" ಅಂತ ಪಟ್ಟು ಹಿಡಿಯಬಾರದು, "ಸುಮಾರು ಎಪ್ಪತ್ತರ ದಶಕದ ಮಧ್ಯದೊಳಗೆ" ಅಂದರೆ ಸಾಕು. "ಮೈಸೂರು ರಾಜ್ಯ" ಅಂತ ಇದ್ದರೆ 1973ರ ನವೆಂಬರ್ 1ರ ಒಳಗಿನದ್ದು, ಆ ದಿನವೇ ಕರ್ನಾಟಕ ಅಂತ ಹೆಸರಾಗಿದ್ದು. "ದಾವಣಗೆರೆ, ಚಿತ್ರದುರ್ಗ ಜಿಲ್ಲೆ" ಅಂತ ಕಂಡರೆ 1997ರ ಒಳಗಿನದ್ದು, ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು ಆ ವರ್ಷ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗೆ ಮೊದಲಿನ ಪದ್ಧತಿ. "ನಯಾ ಪೈಸೆ" ಅಂತ ಇದ್ದರಂತೂ ಹಬ್ಬ, ಆ ಹೆಸರು ಚಾಲ್ತಿಯಲ್ಲಿದ್ದದ್ದು 1957ರಿಂದ 1964ರವರೆಗೆ ಮಾತ್ರ.

ಇನ್ನೊಂದು ಅಳತೆಯದ್ದು. ಮೆಟ್ರಿಕ್ ಪದ್ಧತಿಯ ಕಾನೂನು 1956ರದ್ದು, ಜಾರಿಗೆ ಬಂದಿದ್ದು 1958ರಿಂದ ಹಂತ ಹಂತವಾಗಿ. ಭಾರತದಲ್ಲಿ ಮಾಡಿದ ಸಾಮಾನಿನ ಮೇಲೆ ಲೀಟರ್, ಕಿಲೋ ಅಂತ ಇದ್ದರೆ ಅದು ಸಾಮಾನ್ಯವಾಗಿ ಆ ಹೊತ್ತಿನ ನಂತರದ್ದು. ಪಿಂಟ್, ಪೌಂಡ್, ಇಂಚು ಇದ್ದರೆ ಹಳೇ ಪದ್ಧತಿ. ಇದು ದೇಶೀ ಸಾಮಾನಿಗೆ ಮಾತ್ರ ಹೊಂದುವ ಲೆಕ್ಕ. ಯುರೋಪಿನಲ್ಲಿ ಲೀಟರ್ ಎಷ್ಟೋ ಮೊದಲೇ ಇತ್ತು, ಹಾಗಾಗಿ ಸ್ವೀಡನ್ನಿನ ಸ್ಟೌ ಮೇಲೆ ಲೀಟರ್ ಕಂಡರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಐಎಸ್‌ಐ ಗುರುತೂ ಹೀಗೇ. ಆ ಗುರುತಿಗೆ ಅವಕಾಶ ಕೊಟ್ಟ ಕಾನೂನು 1952ರದ್ದು. ಗುರುತು ಇದೆ ಅಂದರೆ ಅದಕ್ಕಿಂತ ಈಚೆಯದು ಅನ್ನೋದು ಖಂಡಿತ. ಸಂಸ್ಥೆಯ ಹೆಸರು 1987ರಲ್ಲಿ ಬಿಐಎಸ್ ಅಂತ ಆಯಿತು, ಆದರೆ ಗುರುತು ಮಾತ್ರ ಐಎಸ್‌ಐ ಅಂತಲೇ ಉಳಿದಿದೆ, ಇವತ್ತಿಗೂ ಇದೆ. ಹಾಗಾಗಿ ಇದರಿಂದ ಹಿಂದಿನ ಗಡಿ ಸಿಗುತ್ತದೆ, ಮುಂದಿನದ್ದು ಸಿಗುವುದಿಲ್ಲ. ಗುರುತಿನ ಮೇಲ್ಗಡೆ ಇರುವ ಸಂಖ್ಯೆ ಆ ಸಾಮಾನಿನ ಮಾನದಂಡದ್ದು: ಪಂಪ್ ಸ್ಟೌಗೆ ಐಎಸ್ 1342, ಟೇಬಲ್ ಫ್ಯಾನಿಗೆ ಐಎಸ್ 555, ಸೀಲಿಂಗ್ ಫ್ಯಾನಿಗೆ ಐಎಸ್ 374. ಇದನ್ನು ವರ್ಷ ಅಂತ ಓದುವವರೂ ಇದ್ದಾರೆ, ಅದಲ್ಲ.

ಪಂಪ್ ಸ್ಟೌ

1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಹೊಗೆ ಕಾರದ ಸೀಮೆಎಣ್ಣೆ ಸ್ಟೌ ಮಾಡಿದ. ಅದೇ ಪ್ರೈಮಸ್. ಬತ್ತಿ ಇಲ್ಲ. ಟ್ಯಾಂಕಿಗೆ ಗಾಳಿ ಹೊಡೆದರೆ ಎಣ್ಣೆ ಮೇಲೇರುತ್ತದೆ, ಮೊದಲೇ ಸ್ಪಿರಿಟ್ಟಿನಲ್ಲಿ ಕಾಯಿಸಿದ ಬರ್ನರಿನೊಳಗೆ ಹೋಗಿ ಆವಿಯಾಗುತ್ತದೆ, ನಿಪ್ಪಲ್ಲಿನ ಸೂಜಿಮೊನೆಯಷ್ಟು ತೂತಿನಿಂದ ಆವಿಯಾಗಿಯೇ ಹೊರಬಂದು ನೀಲಿಯಾಗಿ ಉರಿಯುತ್ತದೆ. ನಮ್ಮ ಖಾನಾವಳಿಗಳಲ್ಲಿ, ಮದುವೆ ಮನೆಗಳಲ್ಲಿ ಭರ್ರೋ ಅಂತ ಉರಿಯುತ್ತಿದ್ದ ಸ್ಟೌಗಳೆಲ್ಲ ಇದೇ ತತ್ವದವು. ಸ್ವೀಡನ್ನಿನಿಂದ ಬಂದವೂ ಇವೆ, ಅವುಗಳ ಆಕಾರವನ್ನೇ ಇಟ್ಟುಕೊಂಡು ಇಲ್ಲೇ ಮಾಡಿದವಂತೂ ಎಷ್ಟೋ.

ಕೈಯಲ್ಲಿರುವುದು ನಿಜವಾದ ಪ್ರೈಮಸ್ ಆದರೆ ಅದನ್ನು ಬೋರಲು ಹಾಕಿ ಟ್ಯಾಂಕಿನ ತಳ ನೋಡಿ. 1911ರಿಂದ ಕಂಪನಿ ವರ್ಷಕ್ಕೊಂದು ಅಕ್ಷರ ಹೊಡೆಯುತ್ತಾ ಬಂದಿದೆ. 1911ಕ್ಕೆ ಎ, 1912ಕ್ಕೆ ಬಿ, 1913ಕ್ಕೆ ಸಿ, ಹೀಗೆ. ಮುಂದೆ ಹೋಗ್ತಾ ಕೆಲವು ಅಕ್ಷರ ಬಿಟ್ಟಿದ್ದಾರೆ, ಒಂಟಿ ಅಕ್ಷರ ಮುಗಿದ ಮೇಲೆ ಜೋಡಿ ಅಕ್ಷರ ಹಾಕಿದ್ದಾರೆ, ಅದಕ್ಕೇ ಬೆರಳೆಣಿಸಿ ಲೆಕ್ಕ ಹಾಕಬೇಡಿ, ಸಂಗ್ರಾಹಕರು ಮಾಡಿಟ್ಟ ಪಟ್ಟಿ ಸುಲಭವಾಗಿ ಸಿಗುತ್ತದೆ, ಅದರಲ್ಲೇ ನೋಡಿ. ಪ್ರೈಮಸ್ಸಿನ ಈ ಪಟ್ಟಿಯನ್ನು ಆಪ್ಟಿಮಸ್, ರೇಡಿಯಸ್, ಸ್ವೇಯಾ ಸ್ಟೌಗಳಿಗೆ ಹಚ್ಚಬಾರದು. ಅವು ಸ್ವೀಡನ್ನಿನವೇ ಆದರೂ ಲೆಕ್ಕ ಬೇರೆ.

ಕಾಲ ಹೇಳುವುದು ಟ್ಯಾಂಕ್ ಮಾತ್ರ, ಇದನ್ನು ಗಟ್ಟಿಯಾಗಿ ನೆನಪಿಡಿ. ಬರ್ನರ್ ಸುಟ್ಟು ಹಾಳಾಗುವ ಭಾಗ, ಪ್ರತಿ ಮನೆಯಲ್ಲೂ ಬದಲಾಯಿಸಿಯೇ ಇರುತ್ತಾರೆ. ನಿಪ್ಪಲ್, ಪಂಪಿನ ಚರ್ಮದ ವಾಷರ್, ಕಾಲುಗಳು, ಮೇಲಿನ ತಟ್ಟೆ, ಯಾವುದೂ ಹುಟ್ಟಿನಿಂದ ಬಂದಿದ್ದು ಅಂತ ಹೇಳೋಕಾಗಲ್ಲ. ಟ್ಯಾಂಕಿನ ಮೇಲೆ ಒಂದು ಹೆಸರು, ಬರ್ನರಿನ ಮೇಲೆ ಇನ್ನೊಂದು ಹೆಸರು ಇರುವುದು ಮಾಮೂಲು. ಅದರಿಂದ ಬೆಲೆ ಸ್ವಲ್ಪ ಇಳಿಯುತ್ತದೆ ಅಷ್ಟೇ, ಅದು ಮೋಸ ಅಲ್ಲ.

ದೇಶೀ ಸ್ಟೌಗಳಿಗೆ ಇಂಥ ಅಕ್ಷರದ ಸೌಕರ್ಯ ಇಲ್ಲ. ಅಲ್ಲಿ ಮೇಲೆ ಹೇಳಿದ ಸುಳಿವುಗಳನ್ನೇ ಜೋಡಿಸಬೇಕು. ಚಿತ್ರದುರ್ಗದ ಒಂದು ಗುಜರಿಯಲ್ಲಿ ಸಿಕ್ಕ ಸ್ಟೌ ಇದಕ್ಕೆ ಒಳ್ಳೇ ಉದಾಹರಣೆ, ಅದನ್ನು ಪೂರ್ತಿ ಹೇಳುತ್ತೇನೆ.

ಹಿತ್ತಾಳೆ ಟ್ಯಾಂಕ್, ಮೂರು ಕಾಲು, ಭರ್ರೆನ್ನುವ ಥರದ ಬರ್ನರ್. ವ್ಯಾಪಾರಿ ಆಗಲೇ ಮಷೀನಿಗೆ ಕೊಟ್ಟು ಬಫ್ ಮಾಡಿಸಿದ್ದ. ಮೈ ಫಳಫಳ ಅಂತಿತ್ತು, ಆದರೆ ಮುದ್ರೆ ಅರ್ಧ ಅಳಿಸಿತ್ತು. ಎದುರುಗಡೆಯಿಂದ ಬೆಳಕು ಬಿಟ್ಟರೆ ಕಾಣುತ್ತಿದ್ದದ್ದು ಬರೀ ಹೊಳಪು. ಮೊಬೈಲಿನ ಟಾರ್ಚನ್ನು ಟ್ಯಾಂಕಿನ ಮೈಗೆ ಅಂಟಿದ ಹಾಗೆ ಪಕ್ಕದಿಂದ ಹಿಡಿದಾಗ ಅಕ್ಷರಗಳ ನೆರಳು ಎದ್ದಿತು. ತೆಳ್ಳನೆಯ ಕಾಗದ ಇಟ್ಟು ಮೇಲೆ ಪೆನ್ಸಿಲ್ ಓರೆಯಾಗಿ ಉಜ್ಜಿದಾಗ ಇನ್ನೂ ಚೆನ್ನಾಗಿ ಬಂತು. ತಯಾರಕರ ಹೆಸರು ಹೋಗೇಬಿಟ್ಟಿತ್ತು. ಉಳಿದಿದ್ದು "ಬಾಂಬೆ-3" ಅನ್ನುವುದು, ಅದರ ಕೆಳಗೆ "1 ಲೀಟರ್" ಅನ್ನುವುದು. ಐಎಸ್‌ಐ ಗುರುತು ಎಲ್ಲೂ ಇಲ್ಲ.

ಲೀಟರ್ ಇದೆ, ದೇಶೀ ಸಾಮಾನು, ಅಂದರೆ ಸುಮಾರು 1958ರ ನಂತರದ್ದು. ಅಲ್ಲಿಗೆ "ಬ್ರಿಟಿಷರ ಕಾಲ" ಮುಗಿಯಿತು. ಪಿನ್ ಇಲ್ಲ, ಬಾಂಬೆ-3 ಅಂತಿದೆ, ಅಂದರೆ ಎಪ್ಪತ್ತರ ದಶಕದ ಮಧ್ಯದೊಳಗೆ. ಐಎಸ್‌ಐ ಇಲ್ಲದಿರುವುದನ್ನು ನಾನು ಸುಳಿವು ಅಂತ ಹಿಡಿಯಲಿಲ್ಲ, ಯಾಕಂದ್ರೆ ಗುರುತು ಇಲ್ಲದ ಸ್ಟೌಗಳು ಆಮೇಲೂ ಬಂದಿವೆ. ಇಷ್ಟಕ್ಕೇ ಸುಮಾರು ಹದಿನೈದು ವರ್ಷದ ಅಂತರ ಆಯಿತು.

ಆಮೇಲೆ ಪಂಪಿನ ಪಕ್ಕದಲ್ಲಿ, ಬಫ್ಫಿನ ಚಕ್ರ ತಾಗದ ಸಂದಿಯಲ್ಲಿ, ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಬರಹ ಕಂಡಿತು. ನಮ್ಮಲ್ಲಿ ಮದುವೆಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸುತ್ತಾರಲ್ವಾ, ಅದೇ ಕೈ. "ಸೌ." ಅನ್ನುವುದು, ಆಮೇಲೆ ಎರಡು ಇನಿಷಿಯಲ್, ಅದರ ಕೆಳಗೆ 12-5-66. ಮೇ ತಿಂಗಳು, ಮದುವೆಯ ಕಾಲ. ಕೊರೆಸಿದ ದಿನ ಸ್ಟೌ ಹುಟ್ಟಿದ ದಿನ ಅಲ್ಲ, ಆದರೆ ಆ ದಿನಕ್ಕೆ ಸ್ಟೌ ಇತ್ತು ಅನ್ನೋದು ಖಾತ್ರಿ. ಹಾಗಾಗಿ ಹದಿನೈದು ವರ್ಷದ ಅಂತರ ಎಂಟಕ್ಕೆ ಇಳಿಯಿತು: 1958ರಿಂದ 1966. ಮದುವೆಗೆ ಸಾಮಾನ್ಯವಾಗಿ ಹೊಸ ಸಾಮಾನೇ ಕೊಡುತ್ತಾರೆ ಅಂತ ನೋಡಿದರೆ ಕೊನೆಯ ಒಂದೆರಡು ವರ್ಷದ್ದೇ ಇರಬೇಕು, ಆದರೆ ಅದು ಊಹೆ. ನಾನು ಚೀಟಿಯಲ್ಲಿ ಬರೆದಿಟ್ಟಿದ್ದು ಎಂಟು ವರ್ಷದ ಅಂತರವನ್ನೇ.

ಚುಕ್ಕೆ ಬರಹವನ್ನು ಕುರುಡಾಗಿ ನಂಬುವಂತಿಲ್ಲ, ಹಳೇ ತಾರೀಖನ್ನು ಇವತ್ತೂ ಕೊರೆಸಬಹುದು. ಅದಕ್ಕೆ ಬೆರಳು ಆಡಿಸಿ ನೋಡಿ. ಹೊಸದಾಗಿ ಕೊರೆದ ಚುಕ್ಕೆಯ ಅಂಚು ಸ್ವಲ್ಪ ಮೇಲೆದ್ದು ಉಗುರಿಗೆ ಸಿಗುತ್ತದೆ, ಒಳಗೆ ಹಿತ್ತಾಳೆ ಹಳದಿಯಾಗಿ ಹೊಳೆಯುತ್ತದೆ. ವರ್ಷಗಟ್ಟಲೆ ತಿಕ್ಕಿ ತೊಳೆದ ಚುಕ್ಕೆಯ ಅಂಚು ಸವೆದಿರುತ್ತದೆ, ತಳದಲ್ಲಿ ಕಪ್ಪು ಕೂತಿರುತ್ತದೆ, ಸೂಜಿಯಲ್ಲಿ ಕೆದಕಿದರೆ ಒಣಗಿದ ಮಣ್ಣೋ ಜಿಡ್ಡೋ ಪುಡಿಯಾಗಿ ಬರುತ್ತದೆ. ನಾನು ನೋಡಿದ್ದರಲ್ಲಿ ಕಪ್ಪು ಇತ್ತು.

ಕೊಳ್ಳುವ ಮುಂಚೆ ಟ್ಯಾಂಕಿನ ತಳ ಸಮತಟ್ಟಾದ ಕಲ್ಲಿನ ಮೇಲೆ ಇಟ್ಟು ನೋಡಿ. ತಳ ಹೊರಗೆ ಉಬ್ಬಿದ್ದರೆ ಯಾವತ್ತೋ ಗಾಳಿ ಜಾಸ್ತಿ ಹೊಡೆದಿದ್ದಾರೆ, ಇಲ್ಲ ಟ್ಯಾಂಕ್ ಬಿಸಿ ಏರಿದೆ. ಅಂಥದ್ದನ್ನು ಬರೀ ನೋಡೋಕೆ ಇಟ್ಟುಕೊಳ್ಳಬಹುದು, ಬೆಲೆ ಮಾತ್ರ ಹಿತ್ತಾಳೆ ತೂಕಕ್ಕಿಂತ ಹೆಚ್ಚು ಕೊಡಬೇಡಿ. ಬೆಸುಗೆ ಹಚ್ಚಿದ ಕಲೆ ಎಲ್ಲಿದೆ ನೋಡಿ. ಸೋರಿಕೆ ತಿಳಿಯೋಕೆ ಎಣ್ಣೆ ಹಾಕಬೇಕಿಲ್ಲ. ಖಾಲಿ ಟ್ಯಾಂಕಿಗೆ ಗಾಳಿ ಸ್ಕ್ರೂ ಬಿಗಿ ಮಾಡಿ ನಾಲ್ಕೈದು ಸಲ ಮೆಲ್ಲಗೆ ಪಂಪ್ ಹೊಡೆದು ಬಕೆಟ್ ನೀರಲ್ಲಿ ಮುಳುಗಿಸಿ. ನಿಪ್ಪಲ್ಲಿನಿಂದ ಗುಳ್ಳೆ ಬರುವುದು ಸಹಜ, ಅಲ್ಲಿಂದ ಗಾಳಿ ಹೋಗಲೇಬೇಕು. ಬರ್ನರ್ ಕೂರುವ ಬುಡದಿಂದಲೋ ಎಣ್ಣೆ ಮುಚ್ಚಳದಿಂದಲೋ ಬಂದರೆ ವಾಷರ್ ಬದಲಾಯಿಸಿದರೆ ಮುಗಿಯಿತು. ಟ್ಯಾಂಕಿನ ಜೋಡಣೆಯಿಂದ ಬಂದರೆ ಅದು ದೊಡ್ಡ ದೋಷ. ಪಂಪಿನ ಹಿಡಿ ತಾನಾಗೇ ಹಿಂದಕ್ಕೆ ತಳ್ಳಿಕೊಂಡು ಬಂದರೆ ಪಂಪಿನ ತಳದ ವಾಲ್ವ್ ಹೋಗಿದೆ ಅಂತ ಅರ್ಥ. ಹಾಗಿದ್ದಾಗ ಉರಿಸಿದರೆ ಸೀಮೆಎಣ್ಣೆ ಪಂಪಿನ ಕಡೆಯಿಂದ ಹೊರಗೆ ಬರುತ್ತದೆ, ಮನೆಗೆ ಬೆಂಕಿ ಬೀಳುವುದು ಹೀಗೇ. ಸಂಗ್ರಹಕ್ಕೆ ಕೊಂಡ ಸ್ಟೌವನ್ನು ಉರಿಸದೇ ಇಡುವುದೇ ಒಳ್ಳೆಯದು. ಉರಿಸಲೇಬೇಕು ಅಂದರೆ ಗ್ಯಾಸ್ ಲೈಟ್, ಸ್ಟೌ ರಿಪೇರಿ ಮಾಡಿ ಪಳಗಿದ ಕೈಯಿಂದ ಮಾಡಿಸಿ, ಬಯಲಲ್ಲಿ ಉರಿಸಿ.

ಹಳೇ ಫ್ಯಾನ್

ಫ್ಯಾನಿನ ದೊಡ್ಡ ಅನುಕೂಲ ನೇಮ್ ಪ್ಲೇಟ್. ಸ್ಟೌ ಮೇಲೆ ವಿಳಾಸ ಅಳಿಸಿ ಹೋಗುತ್ತದೆ, ಫ್ಯಾನಿನಲ್ಲಿ ಬೇರೆ ತಗಡೇ ಇರುತ್ತದೆ, ಅದರ ಮೇಲೆ ವೋಲ್ಟ್, ಸೈಕಲ್, ಕಂಪನಿ, ಊರು, ನಂಬರ್ ಎಲ್ಲ. ತೊಂದರೆ ಅಂದರೆ ಆ ತಗಡೇ ಮೊದಲು ಕಳಚಿ ಬೀಳುವುದು. ಪ್ಲೇಟ್ ಇಲ್ಲದ ಫ್ಯಾನ್ ಎಷ್ಟೇ ಚೆಂದ ಇದ್ದರೂ ನಾನು ಅರ್ಧ ಬೆಲೆಗೆ ಕೇಳುತ್ತೇನೆ. ಪ್ಲೇಟ್ ಮಾತ್ರ ಬೇರೆ ಫ್ಯಾನಿನದ್ದು ತಂದು ಹಚ್ಚಿರುವುದೂ ಉಂಟು, ಅದಕ್ಕೆ ರಿವೆಟ್ ನೋಡಿ. ಹಳೇ ಬಣ್ಣ ರಿವೆಟ್ಟಿನ ತಲೆಯ ಸುತ್ತ ಒಡೆಯದೆ ಕೂತಿದೆಯಾ, ಪ್ಲೇಟಿನ ಹಳೇ ತೂತುಗಳು ಮೈಯ ತೂತಿಗೆ ಸರಿಯಾಗಿ ಹೊಂದುತ್ತವಾ ಅಂತ.

ಕಂಪನಿಯ ಹೆಸರೇ ಒಂದು ಕ್ಯಾಲೆಂಡರ್. ಕ್ರಾಂಪ್ಟನ್ ಪಾರ್ಕಿನ್ಸನ್ ಅನ್ನೋ ಜೋಡಿ ಹೆಸರು 1927ರಲ್ಲಿ ಇಂಗ್ಲೆಂಡಿನಲ್ಲಿ ಆ ಎರಡು ಕಂಪನಿ ಸೇರಿದ ಮೇಲೆ ಬಂದಿದ್ದು. ನಮ್ಮಲ್ಲಿ ಕ್ರಾಂಪ್ಟನ್ ಗ್ರೀವ್ಸ್ ಅಂತ ಆಗಿದ್ದು 1966ರಲ್ಲಿ. ಹಾಗಾಗಿ "ಕ್ರಾಂಪ್ಟನ್ ಗ್ರೀವ್ಸ್" ಅಂತ ಬರೆದ ಫ್ಯಾನನ್ನು ಸ್ವಾತಂತ್ರ್ಯಕ್ಕೆ ಮುಂಚಿನದ್ದು ಅಂತ ಯಾರು ಹೇಳಿದರೂ ಅಲ್ಲಿಗೇ ಮಾತು ನಿಲ್ಲಿಸಿ.

ಆಮೇಲೆ ಕರೆಂಟಿನ ಸಾಲು ಓದಿ. ನನಗೆ ಪ್ಲೇಟಿನಲ್ಲಿ ಅತ್ಯಂತ ಇಷ್ಟದ ಸಾಲು ಅದೇ. ಕರೆಂಟು ಸೆಕೆಂಡಿಗೆ ಎಷ್ಟು ಸುತ್ತು ಹೊಡೆಯುತ್ತದೆ ಅನ್ನೋ ಅಳತೆಯ ಪಕ್ಕ "ಹರ್ಟ್ಸ್" ಅಂತ ಇದ್ದರೆ ಈಚೆಯದು. ಆ ಹೆಸರನ್ನು ಅಂತರರಾಷ್ಟ್ರೀಯ ಅಳತೆಯ ಪದ್ಧತಿಯಲ್ಲಿ ಒಪ್ಪಿಕೊಂಡಿದ್ದು 1960ರಲ್ಲಿ, ನೇಮ್ ಪ್ಲೇಟಿಗೆ ಬರೋಕೆ ಇನ್ನೂ ಕೆಲವು ವರ್ಷ ಹಿಡಿಯಿತು. "ಸೈಕಲ್ಸ್" ಅಂತ ಇದ್ದರೆ ಅದಕ್ಕೂ ಹಿಂದಿನ ಬರವಣಿಗೆಯ ರೂಢಿ. "ಡಿಸಿ" ಅಂತ ಇದ್ದರೆ ಆ ಫ್ಯಾನ್ ಬಾಂಬೆ, ಮದ್ರಾಸ್, ಕಲ್ಕತ್ತಾದಂಥ ಕಡೆ ಹಿಂದೆ ಇದ್ದ ಡಿಸಿ ಲೈನಿಗೆ ಮಾಡಿದ್ದು, ಒಳಗೆ ಕಾರ್ಬನ್ ಬ್ರಷ್ ಇರುತ್ತದೆ. ಇನ್ನು "25 ಸೈಕಲ್ಸ್" ಅಂತ ಕಂಡರೆ ಗಮನ ಕೊಟ್ಟು ನೋಡಿ. ಶಿವನಸಮುದ್ರದಲ್ಲಿ 1902ರಿಂದ ಕೋಲಾರದ ಚಿನ್ನದ ಗಣಿಗೆ ಕೊಟ್ಟ ಕರೆಂಟು 25 ಸೈಕಲ್ಲಿನದ್ದು. ಈಗ ನಮ್ಮ ಮನೆಗಳಿಗೆ ಬರುವುದು 50. ಹಳೇ ಮೈಸೂರು ಸೀಮೆಯಲ್ಲಿ ಸಿಗುವ 25 ಸೈಕಲ್ಲಿನ ಫ್ಯಾನಿಗೆ ಇಲ್ಲಿನದ್ದೇ ಆದ ಕಥೆ ಇದೆ. ಅದೇ ಪ್ಲೇಟಿನ ಫ್ಯಾನ್ ಬೇರೆ ಊರಿನವರಿಗೆ ಬರೀ ಉಪಯೋಗಕ್ಕೆ ಬಾರದ ಫ್ಯಾನ್.

ಡಿಸಿ ಆಗಲಿ 25 ಸೈಕಲ್ ಆಗಲಿ, ಅಂಗಡಿಯಲ್ಲಿ "ತಿರುಗುತ್ತಾ ನೋಡೋಣ" ಅಂತ ಸುಮ್ನೆ ಪ್ಲಗ್ಗಿಗೆ ಹಾಕಬೇಡಿ. ಮಾಮೂಲು ಎಸಿ ಫ್ಯಾನಾದರೂ ಬೇಡ. ಹಳೇ ವೈರಿನ ಒಳಗಿನ ರಬ್ಬರ್ ಬಿಸ್ಕತ್ತಿನ ಹಾಗೆ ಪುಡಿಯಾಗಿರುತ್ತದೆ, ಹೊರಗಿನ ನೂಲಿನ ಹೊದಿಕೆ ಮಾತ್ರ ಚೆನ್ನಾಗಿ ಕಾಣುತ್ತದೆ. ಮೈ ಪೂರ್ತಿ ಕಬ್ಬಿಣ, ಅರ್ಥಿಂಗ್ ಇರುವುದಿಲ್ಲ. ಮುಟ್ಟಿದ ಕೈಗೆ ನೇರವಾಗಿ ಶಾಕ್ ಹೊಡೆಯುತ್ತದೆ. ವೈಂಡಿಂಗ್ ಅಂಗಡಿಗೆ ಒಯ್ದು ಕರೆಂಟು ಮೈಗೆ ಸೋರುತ್ತಾ ಅಂತ ಮೆಗ್ಗರ್ ಹಿಡಿಸಿ ನೋಡಿ, ವೈರ್ ಬದಲಾಯಿಸಿ, ಆಮೇಲೆ ಮೊದಲ ಸಲ ಸೀರೀಸ್ ಲ್ಯಾಂಪ್ ಮೂಲಕ ಕರೆಂಟ್ ಕೊಡಿಸಿ.

ಗುಜರಿಯಲ್ಲಿ ಕೊಳ್ಳುವಾಗ ಒಳಗೆ ವೈಂಡಿಂಗ್ ಇದೆಯಾ ಅನ್ನೋದೇ ಮೊದಲ ಪ್ರಶ್ನೆ. ತಾಮ್ರಕ್ಕೆ ಬೆಲೆ ಜಾಸ್ತಿ, ಬಿಚ್ಚಿ ಮಾರಿ ಖಾಲಿ ಮೈ ಮಾತ್ರ ಇಟ್ಟಿರುತ್ತಾರೆ. ಹಿಂದಿನ ಗಾಳಿ ತೂತಿನಿಂದ ಟಾರ್ಚ್ ಬಿಟ್ಟರೆ ಕಾಣುತ್ತದೆ. ಎರಡನೆಯದು ರೆಕ್ಕೆ. ಮೊದಲ ಕಾಲದ ಟೇಬಲ್ ಫ್ಯಾನುಗಳಲ್ಲಿ ಹಿತ್ತಾಳೆ ರೆಕ್ಕೆ, ಹಿತ್ತಾಳೆ ಜಾಲರಿ ಇರುತ್ತಿದ್ದವು. ಜಾಲರಿಯ ಕಂಬಿಗಳ ನಡುವೆ ಕೈ ಹೋಗುವಷ್ಟು ಜಾಗ. ಆಮೇಲೆ ಉಕ್ಕಿನ ಜಾಲರಿ, ಅಲ್ಯೂಮಿನಿಯಂ ರೆಕ್ಕೆ ಬಂದವು, ಕಂಬಿ ಹತ್ತಿರ ಹತ್ತಿರ ಬಂದವು, ಕಬ್ಬಿಣದ ಎರಕದ ತಳದ ಬದಲು ತಗಡಿನ ತಳ ಬಂತು. ಇದು ಒಟ್ಟು ನಡೆ, ವರ್ಷ ಹೇಳುವ ಗುರುತಲ್ಲ. ಒಂದೊಂದು ಕಂಪನಿ ಒಂದೊಂದು ಹೊತ್ತಿಗೆ ಬದಲಾಯಿಸಿದೆ. ಹಿತ್ತಾಳೆ ಅಂತ ಹೇಳಿದರೆ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡಿರಿ. ಅಂಟಿಕೊಂಡರೆ ಅದು ಹಿತ್ತಾಳೆ ನೀರು ಕುಡಿಸಿದ ಕಬ್ಬಿಣ.

ರೀವೈಂಡ್ ಆಗಿದ್ದರೆ ಬೇಜಾರು ಬೇಡ. ಇಷ್ಟು ಹಳೇ ಫ್ಯಾನಿಗೆ ಅದು ಆಗೇ ಇರುತ್ತದೆ. ಆದರೆ ಹೊಸ ಬಣ್ಣ ಹೊಡೆದಿದ್ದರೆ ಬೇಜಾರು ಮಾಡಿಕೊಳ್ಳಿ, ಅದರ ಅಡಿಯಲ್ಲಿ ಬಿರುಕು, ಪುಟ್ಟಿ, ಬೇರೆ ಫ್ಯಾನಿನ ಭಾಗ ಏನು ಬೇಕಾದರೂ ಅಡಗಿರಬಹುದು.

ಇಸ್ತ್ರಿ ಪೆಟ್ಟಿಗೆ

ವಿದ್ಯುತ್ ಇಸ್ತ್ರಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1882ರಲ್ಲೇ. ಆದರೂ ಇದ್ದಿಲ ಪೆಟ್ಟಿಗೆ ನಿಲ್ಲಲಿಲ್ಲ. ಈಗ ನಮ್ಮ ಇಸ್ತ್ರಿ ಗಾಡಿಯವರು ಗ್ಯಾಸ್ ಇಸ್ತ್ರಿಗೆ ಹೋಗುತ್ತಿದ್ದಾರೆ, ಆದರೂ ಹಳೇ ಮಾದರಿಯ ಪೆಟ್ಟಿಗೆಯನ್ನು ಹೊಸದಾಗಿ ಎರಕ ಹೊಯ್ದು ಮಾರುತ್ತಲೇ ಇದ್ದಾರೆ, ಕೆಲಸಕ್ಕೂ ಹೌದು, ಷೋಕೇಸಿಗೂ ಹೌದು. ಆಕಾರ ಬದಲಾಗಿಲ್ಲ. ಹಳೇ ಪೆಟ್ಟಿಗೆಯನ್ನೇ ಅಚ್ಚಾಗಿ ಮರಳಲ್ಲಿ ಒತ್ತಿ ಹೊಸದು ಹೊಯ್ಯಬಹುದು. ಹಾಗಾಗಿ ಮುಚ್ಚಳದ ಚಿಲಕದ ಮೇಲೆ ಹುಂಜದ ತಲೆ ಇದೆ, ಪಕ್ಕದಲ್ಲಿ ಬಳ್ಳಿ ಇದೆ ಅಂತ ಕಾಲ ಹೇಳುವುದು ಆಗದ ಮಾತು. ತಯಾರಕರ ಹೆಸರು, ವಿಳಾಸ ಇರುವ ಪೆಟ್ಟಿಗೆ ಸಿಕ್ಕರೆ ಮೇಲಿನ ಲೆಕ್ಕ ಹಾಕಿ. ಬಹುಪಾಲು ಪೆಟ್ಟಿಗೆಗಳಲ್ಲಿ ಏನೂ ಇರುವುದಿಲ್ಲ.

ಇಲ್ಲಿ "ಎಷ್ಟು ಹಳೇದು" ಅನ್ನೋದನ್ನು ಬಿಟ್ಟು "ಇದರಲ್ಲಿ ಯಾರಾದರೂ ಬಟ್ಟೆ ತಿಕ್ಕಿದ್ದಾರಾ" ಅಂತ ಕೇಳಿ. ಅದಕ್ಕೆ ಉತ್ತರ ಸಿಗುತ್ತದೆ. ಮುಚ್ಚಳ ತೆಗೆದು ಒಳಗೆ ನೋಡಿ. ವರ್ಷಗಟ್ಟಲೆ ಕೆಂಡ ತುಂಬಿದ ಪೆಟ್ಟಿಗೆಯ ಒಳಮೈ ಕಪ್ಪಾಗಿ, ಒರಟಾಗಿ, ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ. ಬಣ್ಣ ಬಳಿದೋ ಆಸಿಡ್ ಹಚ್ಚಿಯೋ ಹಳೇದು ಮಾಡಿದ್ದಾದರೆ ಕಪ್ಪು ಒಂದೇ ಸಮ ಇರುತ್ತದೆ, ಮೂಲೆಯಲ್ಲೂ ಅಷ್ಟೇ, ಮುಚ್ಚಳದ ಅಡಿಯಲ್ಲೂ ಅಷ್ಟೇ. ತಳವನ್ನು ಬೆಳಕಿಗೆ ಓರೆ ಹಿಡಿದರೆ ಉದ್ದುದ್ದಕ್ಕೆ ಸಣ್ಣ ಗೆರೆಗಳು ಕಾಣಬೇಕು, ಮೂತಿಯ ಅಂಚು ಸವೆದು ದುಂಡಗಾಗಿರಬೇಕು. ಮುಚ್ಚಳದ ಕೀಲಿನ ತೂತು ಗುಂಡಗಿರದೆ ಒಂದು ಕಡೆ ಎಳೆದುಕೊಂಡಿರಬೇಕು. ಮರದ ಹಿಡಿಯ ಮೇಲ್ಭಾಗ ಕೈ ಬೆವರಿಗೆ ನುಣುಪಾಗಿ, ಕೆಳಭಾಗ ಕೆಂಡದ ಬಿಸಿಗೆ ಕಂದಿರಬೇಕು. ಎರಡೂ ಕಡೆ ಒಂದೇ ಬಣ್ಣ ಇದ್ದರೆ ಹಿಡಿ ಹೊಸದು. ಹಿಡಿ ಹೊಸದಾಗಿದ್ದ ಮಾತ್ರಕ್ಕೆ ಪೆಟ್ಟಿಗೆ ಹೊಸದಲ್ಲ, ಸುಟ್ಟ ಹಿಡಿಯನ್ನು ಬದಲಾಯಿಸುವುದು ಮಾಮೂಲು.

ಒಂದು ಪರೀಕ್ಷೆ ಮಾತ್ರ ಇಲ್ಲಿ ಕಾಲದ ಬಗ್ಗೆ ಸ್ವಲ್ಪ ಹೇಳುತ್ತದೆ, ಬೋಲ್ಟಿನ ಮರೆ, ಅಂದರೆ ಅದರ ಮೈಮೇಲಿನ ಸುರುಳಿ ಗೆರೆ. ಹಿಡಿಯನ್ನು ಹಿಡಿದ ಬೋಲ್ಟ್ ಸಾಮಾನ್ಯವಾಗಿ ಕಾಲಿಂಚಿನದ್ದು, ಇಲ್ಲ 6 ಮಿಲಿಮೀಟರಿನದ್ದು. ನೋಡೋಕೆ ಎರಡೂ ಒಂದೇ. ಮರೆಯ ಪಕ್ಕ ಸ್ಕೇಲ್ ಇಟ್ಟು ಒಂದು ಸೆಂಟಿಮೀಟರಿಗೆ ಎಷ್ಟು ಸುತ್ತು ಬರುತ್ತೆ ಎಣಿಸಿ. ಹಳೇ ವಿಟ್‌ವರ್ತ್ ಪದ್ಧತಿಯ ಕಾಲಿಂಚಿನ ಬೋಲ್ಟಿಗೆ ಇಂಚಿಗೆ 20 ಸುತ್ತು, ಅಂದರೆ ಸೆಂಟಿಮೀಟರಿಗೆ ಸುಮಾರು 8. ಮೆಟ್ರಿಕ್ 6ರ ಬೋಲ್ಟಿಗೆ ಸರಿಯಾಗಿ 10. ಹತ್ತು ಬಂದರೆ ಆ ಬೋಲ್ಟ್ ಮೆಟ್ರಿಕ್ ಕಾಲದ್ದು. ಎಂಟು ಬಂದರೆ ಹಳೇದಿರಬಹುದು, ಇಲ್ಲದೆಯೂ ಇರಬಹುದು, ಯಾಕಂದ್ರೆ ಇಂಚಿನ ಬೋಲ್ಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಈಗಲೂ ಸಿಗುತ್ತದೆ. ಬೋಲ್ಟನ್ನೇ ಆಮೇಲೆ ಹಾಕಿರಬಹುದು ಅನ್ನೋದೂ ಇದೆ. ಮರೆಯನ್ನು ಹಿತ್ತಾಳೆಯ ಮೈಯಲ್ಲೇ ಕೊರೆದಿದ್ದರೆ ಮಾತ್ರ ಆ ಎಣಿಕೆಗೆ ನಿಜವಾದ ತೂಕ. ಪ್ಲಸ್ ತಲೆಯ ಸ್ಕ್ರೂ ಕಂಡರೆ ಅದು ಹೇಗೂ ಈಚೆಯದು, ಆ ಥರದ ಸ್ಕ್ರೂವಿಗೆ ಪೇಟೆಂಟ್ ಬಂದಿದ್ದೇ 1930ರ ದಶಕದಲ್ಲಿ, ಎಲ್ಲ ಕಡೆ ಬಳಕೆಗೆ ಬಂದಿದ್ದು ಇನ್ನೂ ಆಮೇಲೆ.

ಬೆಲೆಯ ವಿಷಯದಲ್ಲಿ ಪೆಟ್ಟಿಗೆಗೆ ಒಂದು ಅನುಕೂಲ ಇದೆ. ಹಿತ್ತಾಳೆಯದ್ದು ಭಾರ ಇರುತ್ತದೆ, ತೂಕಕ್ಕೆ ಹಾಕಿದರೂ ದುಡ್ಡು ಪೂರ್ತಿ ಮುಳುಗುವುದಿಲ್ಲ. ಹಾಗಾಗಿ ಅಂಗಡಿಯಲ್ಲೇ ತೂಗಿಸಿ, ಆ ದಿನದ ಹಿತ್ತಾಳೆ ಗುಜರಿ ದರದ ಲೆಕ್ಕ ಹಾಕಿ, ಅದರ ಮೇಲೆ ಎಷ್ಟು ಕೇಳುತ್ತಿದ್ದಾನೆ ನೋಡಿ. ಆ ಮೇಲಿನ ದುಡ್ಡು ಎರಕದ ಅಂದಕ್ಕೆ, ಬಳಸಿದ ಗುರುತಿಗೆ ಮಾತ್ರ. ತೂಗಿಸುವ ಮುಂಚೆ ಮೂಲೆಯಲ್ಲಿ ಒಮ್ಮೆ ಅಯಸ್ಕಾಂತ ಹಿಡಿಯಿರಿ, ತಳಕ್ಕೂ ಹಿಡಿಯಿರಿ. ಮೈ ಹಿತ್ತಾಳೆಯಾಗಿ ತಳ ಮಾತ್ರ ಕಬ್ಬಿಣದ್ದಿದ್ದರೆ ಪೂರ್ತಿ ತೂಕಕ್ಕೆ ಹಿತ್ತಾಳೆ ದರ ಕೊಡಬೇಕಾಗಿಲ್ಲ.

ಯಾವುದನ್ನೇ ಕೊಂಡರೂ ಮನೆಗೆ ತಂದ ದಿನವೇ ತಿಕ್ಕೋಕೆ ಕೂರಬೇಡಿ. ಮೊದಲು ಎಲ್ಲ ಮುದ್ರೆ, ಪ್ಲೇಟ್, ಚುಕ್ಕೆ ಬರಹದ ಫೋಟೋ ತೆಗೆದುಕೊಳ್ಳಿ, ಪೆನ್ಸಿಲ್ ಉಜ್ಜಿದ ಕಾಗದ ಇಟ್ಟುಕೊಳ್ಳಿ. ಆಮೇಲೆ ಬೇಕಾದರೆ ಹುಣಸೆಹಣ್ಣು ಹಚ್ಚಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಅದೂ ಹಿತ್ತಾಳೆ ಭಾಗಕ್ಕೆ ಮಾತ್ರ, ಫ್ಯಾನಿನ ಮೋಟರಿನ ಹತ್ತಿರಕ್ಕೂ ನೀರು ಬೇಡ. ಬಫ್ಫಿಂಗ್ ಮಷೀನಿಗಂತೂ ಕೊಡಲೇಬೇಡಿ. ಕೊಂಡ ಊರು, ಮಾರಿದವರು ಅದು ಎಲ್ಲಿಂದ ಬಂತು ಅಂತ ಹೇಳಿದ್ದು, ನೀವು ಲೆಕ್ಕ ಹಾಕಿದ ವರ್ಷದ ಅಂತರ, ಯಾವ ಸುಳಿವಿನಿಂದ ಅಂತ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸಾಮಾನಿಗೇ ದಾರದಿಂದ ಕಟ್ಟಿಡಿ.